ಹೆಸರು ಹೇಳದೆ ಹೋಲಿಸೋದು: ಗಾಣದ ಎಣ್ಣೆಗೆ ಒಂದು ಸಾಲು ಬರೆಯುವಾಗ

ಕನಕಪುರ ಕಡೆಯಿಂದ ಗಾಣದ ಕಡಲೆಕಾಯಿ ಎಣ್ಣೆ ತಂದು ಕುಮಾರಸ್ವಾಮಿ ಲೇಔಟ್‌ನಲ್ಲಿ ಮಾರ್ತೀರಿ ಅಂತ ಇಟ್ಕೊಳ್ಳಿ. ನಿಮ್ಮ ಟೇಬಲ್‌ನಿಂದ ಹತ್ತು ಹೆಜ್ಜೆಯಲ್ಲೇ ಒಂದು ಪ್ರಾವಿಷನ್ ಸ್ಟೋರ್ ಇರುತ್ತೆ, ಅಲ್ಲಿ ದೊಡ್ಡ ಕಂಪನಿಗಳ ಎಣ್ಣೆ ಪ್ಯಾಕೆಟ್ ಸಾಲಾಗಿ ನೇತಾಡ್ತಿರುತ್ತೆ, ಬೆಲೆಯೂ ಕಮ್ಮಿ. ಗಿರಾಕಿ ಹೇಗೂ ಹೋಲಿಸಿ ನೋಡ್ತಾರೆ. ಹಾಗಾಗಿ ನಿಮ್ಮ ಬೋರ್ಡು ಮತ್ತು ವಾಟ್ಸಾಪ್ ಸ್ಟೇಟಸ್ ಆ ಹೋಲಿಕೆಗೆ ಉತ್ತರ ಕೊಡಲೇಬೇಕು. ಹೇಗೆ ಕೊಡೋದು ಅನ್ನೋದೇ ಪ್ರಶ್ನೆ.

ನಮ್ಮಲ್ಲಿ ಬಹಳ ಜನ ಬರೆಯೋದು ಹೀಗೆ: "ರಿಫೈನ್ಡ್ ಎಣ್ಣೆ ವಿಷ, ನಮ್ಮದು ಅಮೃತ." ಯಾರ ಹೆಸರನ್ನೂ ಹೇಳಿಲ್ಲವಲ್ಲ, ಏನೂ ಆಗಲ್ಲ ಅನ್ನೋ ಧೈರ್ಯ. ಆದರೆ ಹೆಸರು ಬಿಟ್ಟ ಮಾತ್ರಕ್ಕೆ ಬಚಾವಾಗಲ್ಲ ಅನ್ನೋದಕ್ಕೆ 2017ರ ಒಂದು ಕೇಸು ಸಾಕ್ಷಿ.

ಆ ವರ್ಷ ಅಮುಲ್ ಒಂದು ಟಿವಿ ಜಾಹೀರಾತು ಬಿಟ್ಟಿತು. ನಮ್ಮ ಐಸ್‌ಕ್ರೀಮ್ ಹಾಲಿನದು, ಫ್ರೋಜನ್ ಡೆಸರ್ಟ್ ವನಸ್ಪತಿಯದು ಅನ್ನೋ ಅರ್ಥದ್ದು. ಯಾವ ಕಂಪನಿಯ ಹೆಸರೂ ಅದರಲ್ಲಿರಲಿಲ್ಲ. ಆದರೂ ಫ್ರೋಜನ್ ಡೆಸರ್ಟ್ ಮಾರುತ್ತಿದ್ದ ಹಿಂದೂಸ್ತಾನ್ ಯೂನಿಲಿವರ್ ಬಾಂಬೆ ಹೈಕೋರ್ಟಿಗೆ ಹೋಯಿತು. ನಾವು ಬಳಸೋದು ಸಸ್ಯಜನ್ಯ ಎಣ್ಣೆ, ವನಸ್ಪತಿ ಅಲ್ಲ ಅಂತ ವಾದ ಮಾಡಿತು. ವನಸ್ಪತಿ ಅಂದ್ರೆ ಜನರ ತಲೆಗೆ ಬರೋದು ಡಾಲ್ಡಾ ತಾನೆ? ಜಾಹೀರಾತು ಒಂದಿಡೀ ಬಗೆಯ ಉತ್ಪನ್ನವನ್ನೇ ಹೀಗಳೆಯುತ್ತಿದೆ ಅಂತ ಕೋರ್ಟು ಅದಕ್ಕೆ ತಡೆ ಕೊಟ್ಟಿತು. ಒಂದು ಬಗೆಯನ್ನು ಬೈದರೆ, ಅದನ್ನು ಮಾರುವವರು ಬಂದು ಕೇಳಬಹುದು ಅಂತಾಯಿತು.

"ರಿಫೈನ್ಡ್ ವಿಷ" ಅನ್ನೋದೂ ಇದೇ ಜಾತಿಯ ಸಾಲು. ಜೊತೆಗೆ ಆಹಾರ ಜಾಹೀರಾತಿನ ಬಗ್ಗೆ ಎಫ್ಎಸ್ಎಸ್ಎಐ 2018ರಲ್ಲಿ ತಂದ ನಿಯಮವೂ ಇದೆ. ನಿಮ್ಮದನ್ನು ಮಾರೋದಕ್ಕೆ ಇನ್ನೊಬ್ಬ ತಯಾರಕರ ಪದಾರ್ಥವನ್ನು ಕೀಳು ಮಾಡುವಂತಿಲ್ಲ. ದೊಡ್ಡ ಕಂಪನಿಯವರು ನಿಮ್ಮ ಸ್ಟೇಟಸ್ ನೋಡಿ ಲಾಯರ್ ನೋಟಿಸ್ ಕಳಿಸೋದು ಅಪರೂಪ ಅನ್ನಿ. ಅದಕ್ಕಿಂತ ಹತ್ತಿರದ ತೊಂದರೆ ಬೇರೆ ಇದೆ: ನಿಮ್ಮ ಎದುರು ನಿಂತ ಅಮ್ಮ ಇಪ್ಪತ್ತು ವರ್ಷದಿಂದ ಮನೆಮಂದಿಗೆ ಅದೇ ಎಣ್ಣೆಯಲ್ಲಿ ಅಡುಗೆ ಮಾಡಿ ಬಡಿಸಿದ್ದಾರೆ. ನಿಮ್ಮ ಬೋರ್ಡು ಬೈತಿರೋದು ಅವರನ್ನೇ.

ಹಾಗಾದ್ರೆ ಏನು ಬರೆಯೋದು? ನಾನು ಎರಡು ಭಾಗ ಮಾಡ್ತೀನಿ. ಮೊದಲ ಭಾಗದಲ್ಲಿ ದೊಡ್ಡವರಿಗೆ ನಿಜವಾಗಿ ಇರುವ ಒಂದು ಬಲವನ್ನು ಒಪ್ಪಿಕೊಳ್ಳೋದು. ಎರಡನೇದರಲ್ಲಿ ಗಿರಾಕಿಯೇ ಪರೀಕ್ಷೆ ಮಾಡಬಹುದಾದ ನಮ್ಮ ಒಂದು ಸಂಗತಿ ಹೇಳೋದು. ಅವರ ಬಲ ಏನು? ದೇಶದ ಯಾವ ಮೂಲೆಗೆ ಹೋದರೂ ಸಿಗ್ತಾರೆ. ನಮ್ಮದೇನು? ಯಾವ ಊರಿನ ಬೀಜ, ಯಾವ ದಿನ ಗಾಣಕ್ಕೆ ಹಾಕಿದ್ದು ಅಂತ ಹೇಳಬಲ್ಲೆವು. ಆಗ ಸಾಲು ಹೀಗಾಗುತ್ತೆ:

"ದೇಶವೆಲ್ಲಾ ಸಿಗೋ ಎಣ್ಣೆ ಹಲವು. ಕನಕಪುರದ ಬೀಜ, ಈ ಸೋಮವಾರದ ಗಾಣ – ಇದು ಇಲ್ಲಿದೆ."

ಇಲ್ಲಿ ಯಾರನ್ನೂ ಆಡಿಕೊಂಡಿಲ್ಲ. ಆದರೂ ಓದಿದವರು ಮನಸ್ಸಿನಲ್ಲೇ ಎರಡನ್ನೂ ಪಕ್ಕಪಕ್ಕ ಇಡ್ತಾರೆ. ಬಾಟಲಿ ಮೇಲೆ ಗಾಣದ ತಾರೀಖು ಇರಲೇಬೇಕು. ಸೋಮವಾರ ಅಂತ ಬರೆದು ಹೋದ ತಿಂಗಳ ಎಣ್ಣೆ ಕೊಟ್ಟರೆ ಸಾಲು ಸುಳ್ಳಾಗುತ್ತೆ, ಆದ್ದರಿಂದ ಬೋರ್ಡಿನಲ್ಲಿ ದಿನದ ಜಾಗವನ್ನು ಸೀಮೆಸುಣ್ಣದಲ್ಲಿ ಬರೆಯೋ ಹಾಗೆ ಖಾಲಿ ಬಿಡಿ.

ಬೆಲೆಯ ಪ್ರಶ್ನೆಗೂ ಇದೇ ದಾರಿ. "ಅವರು ಹೇಗೆ ಅಷ್ಟು ಅಗ್ಗಕ್ಕೆ ಕೊಡ್ತಾರೆ ಯೋಚಿಸಿ" ಅಂತ ಬರೆದರೆ ಅದು ಕಲಬೆರಕೆಯ ಕಡೆ ಬೆರಳು ತೋರಿಸಿದ ಹಾಗೆ, ಬೇಡ. ಗಾಣದಲ್ಲಿ ಬೀಜದ ತೂಕದ ಶೇಕಡಾ 40ರ ಆಸುಪಾಸು ಎಣ್ಣೆ ಬರುತ್ತೆ ಅಂದ್ರೆ, ಒಂದು ಲೀಟರಿಗೆ ಎರಡೂಕಾಲರಿಂದ ಎರಡೂವರೆ ಕೆಜಿ ಬೀಜ ಬೇಕು. ನಿಮ್ಮ ಗಾಣದಲ್ಲಿ ಎಷ್ಟು ಬರುತ್ತೋ ತೂಕ ಹಾಕಿ, ಅದನ್ನೇ ಬರೆಯಿರಿ: "ಒಂದು ಲೀಟರ್ ಎಣ್ಣೆ, ಎರಡೂವರೆ ಕೆಜಿ ಕಡಲೆಕಾಯಿ ಬೀಜ." ಬೀಜದ ರೇಟು ಗೊತ್ತಿರೋರು ಅಲ್ಲೇ ಲೆಕ್ಕ ಹಾಕ್ಕೊಳ್ತಾರೆ. ಚೌಕಾಸಿ ಪೂರ್ತಿ ನಿಲ್ಲಲ್ಲ, ಆದರೆ ಮಾತು ಬೀಜದ ಕಡೆ ತಿರುಗುತ್ತೆ.

ಬೈಗುಳ ಕಾಣಿಸದೆ ಒಳಗೆ ಸೇರಿಕೊಳ್ಳೋ ಜಾಗಗಳೂ ಇವೆ. "ನಮ್ಮದರಲ್ಲಿ ಕೊಲೆಸ್ಟ್ರಾಲ್ ಇಲ್ಲ" ಅನ್ನೋದು ನಿಜ, ಆದರೆ ಯಾವ ಸಸ್ಯದ ಎಣ್ಣೆಯಲ್ಲೂ ಅದಿರಲ್ಲ. ನಮ್ಮದು ಮಾತ್ರ ಹಾಗೆ ಅನ್ನೋ ಭಾವನೆ ಬರೋದರಿಂದ ಅದು ತಪ್ಪು ಹೋಲಿಕೆ. "ಅಸಲಿ ಎಣ್ಣೆ" ಅಂದ್ರೆ ಪಕ್ಕದ್ದು ನಕಲಿ ಅಂತ ಹೇಳಿದ ಹಾಗೇ. ಫೋಟೋದಲ್ಲೂ ಹುಷಾರಿರಿ. ಹೆಸರು ಅಳಿಸಿ ಮೇಲೆ ಕೆಂಪು ಗೀಟು ಹಾಕಿದ ಪ್ಯಾಕೆಟ್ಟನ್ನು ಅದರ ಬಣ್ಣ ನೋಡಿಯೇ ಯಾರದು ಅಂತ ಹೇಳಬಹುದು.

ಬರೆದ ಮೇಲೆ ಸಾಲನ್ನು ಮನೆಯಲ್ಲಿ ಯಾರಿಗಾದ್ರೂ ಓದಿ ಹೇಳಿ. "ಹಂಗಾದ್ರೆ ಅಂಗಡೀದು ಕೆಟ್ಟದ್ದಾ?" ಅಂತ ಕೇಳಿದರೆ ಇನ್ನೊಮ್ಮೆ ತಿದ್ದಿ. "ಸೋಮವಾರದ್ದು ಇನ್ನೂ ಇದೆಯಾ?" ಅಂತ ಕೇಳಿದರೆ ಬೋರ್ಡಿಗೆ ಹಾಕಿ.