ತಡವರಿಸದ ಎಡಿಟಿಂಗ್‌ಗೆ ಪ್ರಾಕ್ಸಿ ಕ್ಲಿಪ್

ಮೊಬೈಲಿನಲ್ಲಿ ತೆಗೆದ ಮದುವೆಯ 4ಕೆ ವಿಡಿಯೊ ಮೊಬೈಲಿನಲ್ಲಿ ಸರಾಗವಾಗಿ ಓಡುತ್ತದೆ. ಅದನ್ನೇ ಹಳೆಯ ಲ್ಯಾಪ್‌ಟಾಪಿನಲ್ಲಿ ಎಡಿಟ್ ಮಾಡಲು ಕುಳಿತರೆ ಚಿತ್ರ ಹೆಜ್ಜೆಹೆಜ್ಜೆಗೂ ನಿಲ್ಲುತ್ತದೆ. ಏಕೆ?

ಫೈಲ್ ಚಿಕ್ಕದಾಗಿರಲೆಂದು ಮೊಬೈಲ್ ಎಲ್ಲ ಫ್ರೇಮ್‌ಗಳನ್ನೂ ಪೂರ್ತಿ ಉಳಿಸುವುದಿಲ್ಲ. ಆಗೊಂದು ಈಗೊಂದು ಪೂರ್ಣ ಚಿತ್ರವಿಟ್ಟು, ಮಿಕ್ಕವುಗಳಲ್ಲಿ ಬದಲಾದದ್ದನ್ನಷ್ಟೇ ಬರೆದಿಡುತ್ತದೆ. ತಾಳಿ ಕಟ್ಟುವ ಕ್ಷಣಕ್ಕೆ ನೇರವಾಗಿ ಜಿಗಿದರೆ, ಕಂಪ್ಯೂಟರ್ ಹಿಂದಿನ ಪೂರ್ಣ ಚಿತ್ರದಿಂದ ಲೆಕ್ಕ ಹಾಕುತ್ತಾ ಬರಬೇಕು. ಪ್ರಿವ್ಯೂ ಗಾತ್ರ ಇಳಿಸಿದರೂ ಈ ಬಿಡಿಸುವ ಕೆಲಸ ತಪ್ಪುವುದಿಲ್ಲ. ಎಫೆಕ್ಟ್‌ಗಳ ಹೊರೆಯಷ್ಟೇ ತಗ್ಗುತ್ತದೆ.

ಪ್ರಾಕ್ಸಿ ಎಂದರೆ ಅಸಲು ಕ್ಲಿಪ್ಪಿನ ಹಗುರ ನಕಲು. ಡಾವಿಂಚಿ ರಿಸಾಲ್ವ್‌ನಲ್ಲಿ ಕ್ಲಿಪ್ ಮೇಲೆ ರೈಟ್ ಕ್ಲಿಕ್ ಮಾಡಿ `Generate Proxy Media` ಒತ್ತಿದರೆ ಅದು ತಯಾರಾಗುತ್ತದೆ. ಪ್ರಾಜೆಕ್ಟ್ ಸೆಟ್ಟಿಂಗ್‌ನಲ್ಲಿ ಗಾತ್ರವನ್ನು ಕಾಲುಭಾಗಕ್ಕೆ ಇಳಿಸಿದ್ದರೆ 3840×2160 ಚಿತ್ರ 960×540 ಆಗುತ್ತದೆ. ಪಿಕ್ಸೆಲ್‌ಗಳ ಲೆಕ್ಕದಲ್ಲಿ ಹದಿನಾರನೇ ಒಂದು ಪಾಲು! ಪ್ರೊರೆಸ್ ಅಥವಾ ಡಿಎನ್‌ಎಕ್ಸ್‌ಎಚ್‌ಆರ್ ಆರಿಸಿಕೊಂಡರೆ ಪ್ರತಿ ಫ್ರೇಮೂ ಸ್ವತಂತ್ರವಾಗಿರುತ್ತದೆ. ನಿಜವಾದ ವೇಗ ಸಿಗುವುದು ಇಲ್ಲೇ. ಬದಲಿಗೆ ಡಿಸ್ಕಿನಲ್ಲಿ ಹೆಚ್ಚು ಜಾಗ ಬೇಕು, ನಕಲು ತಯಾರಾಗುವವರೆಗೆ ಕಾಯಬೇಕು.

ಕತ್ತರಿಸುವುದಕ್ಕೂ ಜೋಡಿಸುವುದಕ್ಕೂ ಪ್ರಾಕ್ಸಿ ಸಾಕು. ಫೋಕಸ್ ಸರಿಯಿದೆಯೇ, ಕತ್ತಲ ದೃಶ್ಯದಲ್ಲಿ ಕಾಳುಕಾಳು ಕಾಣುತ್ತಿದೆಯೇ ಎಂದು ಅದರಲ್ಲಿ ತಿಳಿಯದು. ಅದಕ್ಕಾಗಿ `Prefer Camera Originals` ಆಯ್ದು ಅಸಲನ್ನೇ ನೋಡಬೇಕು.

ಕೊನೆಯ ವಿಡಿಯೊ ಮಸುಕಾಗಿ ಬಂದರೆ ಮೊದಲು ಡೆಲಿವರ್ ಪುಟದಲ್ಲಿ `Use proxy media` ಗುರುತು ಉಳಿದಿದೆಯೇ ನೋಡಿ. ಅದನ್ನು ತೆಗೆದು ಮತ್ತೆ ರೆಂಡರ್ ಮಾಡಿ. ಅಸಲು ಫೈಲುಗಳನ್ನು ಅಲ್ಲಿಯವರೆಗೆ ದಯವಿಟ್ಟು ಅಳಿಸಬೇಡಿ.