ತಿರುಗದ ಡ್ರೈಯರ್

ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಕಡೆಯ ಮನೆಗಳಲ್ಲಿ ಕಾಣುವ ಸೆಮಿ ಆಟೋಮ್ಯಾಟಿಕ್ ವಾಷಿಂಗ್ ಮಷೀನಿಗೆ ಎರಡು ತೊಟ್ಟಿ, ಎರಡು ಮೋಟರ್. ಒಂದು ಬಟ್ಟೆ ತೊಳೆಯುತ್ತದೆ. ಇನ್ನೊಂದು ಬಟ್ಟೆಯನ್ನು ಗರಗರ ತಿರುಗಿಸಿ ನೀರು ಹಿಂಡುತ್ತದೆ. ಇದನ್ನೇ ಜನ ಡ್ರೈಯರ್ ಅನ್ನುತ್ತಾರೆ. ತೊಳೆಯುವ ಕಡೆ ಸರಿಯಾಗಿದ್ದು ಡ್ರೈಯರ್ ಮಾತ್ರ ನಿಂತಿದ್ದರೆ ಪ್ಲಗ್ಗಿಗೂ ಮುಖ್ಯ ವೈರಿಗೂ ಕರೆಂಟ್ ಬರುತ್ತಿದೆ ಎಂದರ್ಥ. ಹುಡುಕಾಟ ಡ್ರೈಯರ್ ಕಡೆಗೇ ಸೀಮಿತವಾಗುತ್ತದೆ.

ಮೊದಲ ಪರೀಕ್ಷೆಗೆ ಉಪಕರಣ ಬೇಡ, ಕಿವಿ ಸಾಕು. ಮುಚ್ಚಳ ಹಾಕಿ ಟೈಮರ್ ತಿರುಗಿಸಿದಾಗ ಯಾವ ಸದ್ದೂ ಇಲ್ಲದಿದ್ದರೆ ಮೋಟರಿಗೆ ಕರೆಂಟೇ ತಲುಪುತ್ತಿಲ್ಲ. ಮುಚ್ಚಳದ ಸ್ವಿಚ್, ಟೈಮರ್ ಅಥವಾ ವೈರಿನಲ್ಲಿ ದೋಷವಿರುವುದೇ ಹೆಚ್ಚು. ‘ಗುಂಯ್’ ಎಂದು ಸದ್ದು ಬಂದು ಬುಟ್ಟಿ ಅಲ್ಲಾಡದಿದ್ದರೆ ಕರೆಂಟ್ ತಲುಪಿದೆ, ಮೋಟರ್ ಹೊರಡಲಾರದೆ ನಿಂತಿದೆ. ಆಗ ಕೆಪ್ಯಾಸಿಟರ್ ಅಥವಾ ಬ್ರೇಕ್ ಮೇಲೆ ಅನುಮಾನ. ಗುಂಯ್‌ಗುಡುವ ಮೋಟರನ್ನು ಹಾಗೇ ಬಿಟ್ಟರೆ ವೈಂಡಿಂಗ್ ಸುಡುತ್ತದೆ, ಕೂಡಲೇ ಟೈಮರನ್ನು ಸೊನ್ನೆಗೆ ತರಬೇಕು.

ಮುಂದಿನ ಕೆಲಸಕ್ಕೆ ಸ್ವಿಚ್ ಆಫ್ ಮಾಡಿದರೆ ಸಾಲದು, ಪ್ಲಗ್ ಕಿತ್ತಿಡಬೇಕು. ಹಳೇ ಮನೆಗಳ ವೈರಿಂಗಿನಲ್ಲಿ ಫೇಸ್, ನ್ಯೂಟ್ರಲ್ ಅದಲುಬದಲಾಗಿರುವುದುಂಟು. ಆಗ ಆಫ್ ಮಾಡಿದ ಮೇಲೂ ಒಳಗಿನ ವೈರಿನಲ್ಲಿ ಕರೆಂಟ್ ಉಳಿದಿರುತ್ತದೆ.

ಮುಚ್ಚಳದ ಸ್ವಿಚ್ ಮೇಲಿನ ಪ್ಯಾನೆಲ್ಲಿನ ಒಳಗಿರುತ್ತದೆ. ಮುಚ್ಚಳ ಕೂತಾಗ ಅದರ ಹಿಂಬದಿಯ ಪ್ಲಾಸ್ಟಿಕ್ ಮೊಳೆಯೊಂದು ಎರಡು ತಾಮ್ರದ ಪಟ್ಟಿಗಳನ್ನು ಒಂದಕ್ಕೊಂದು ತಾಗಿಸುತ್ತದೆ. ಸ್ವಿಚ್ಚಿನ ಒಂದು ವೈರು ಬಿಡಿಸಿ, ಮಲ್ಟಿಮೀಟರನ್ನು ಬೀಪ್ ಗುರುತಿಗಿಟ್ಟು ಎರಡೂ ಕಡ್ಡಿಗಳನ್ನು ಸ್ವಿಚ್ಚಿನ ಎರಡು ತುದಿಗೆ ತಾಗಿಸಬೇಕು. ಮುಚ್ಚಿದಾಗ ಬೀಪ್, ತೆರೆದಾಗ ಮೌನ. ಹೀಗಿದ್ದರೆ ಸ್ವಿಚ್ ಸರಿ. ಮುಚ್ಚಿದರೂ ಮೌನವಾದರೆ ಪಟ್ಟಿ ಕಪ್ಪಾಗಿ ಕಿಲುಬು ಹಿಡಿದಿದೆ, ಇಲ್ಲವೇ ಮೊಳೆಯೇ ಮುರಿದಿದೆ. ತೆಳ್ಳನೆಯ ಮರಳು ಕಾಗದದಿಂದ ಉಜ್ಜಿದರೆ ಕೆಲಕಾಲ ನಡೆಯಬಹುದು, ಹೊಸ ಸ್ವಿಚ್ ಹಾಕುವುದೇ ಸರಿ. ಎರಡು ವೈರನ್ನು ಸೇರಿಸಿ ಟೇಪ್ ಸುತ್ತಿಬಿಡುವ ರಿಪೇರಿ ಅಪಾಯದ್ದು: ನಿಮಿಷಕ್ಕೆ 1300 ಸುತ್ತಿನ ಆಸುಪಾಸಿನಲ್ಲಿ ತಿರುಗುವ ಬುಟ್ಟಿಗೆ ಕೈ ಹಾಕಿದರೆ ಬಟ್ಟೆಯ ಜತೆ ತೋಳೂ ಸುತ್ತಿಕೊಳ್ಳುತ್ತದೆ.

ಸ್ವಿಚ್ ಸರಿಯಿದ್ದರೆ ಟೈಮರನ್ನು ತಿರುಗಿಸಿಟ್ಟು ಅದರ ತುದಿಗಳಲ್ಲೂ ಇದೇ ಬೀಪ್ ನೋಡಿ, ಆಮೇಲೆ ಹಿಂಬದಿಯ ಪ್ಲೇಟ್ ಬಿಚ್ಚಬೇಕು. ಯಂತ್ರದ ತಳ ತೆರೆದಿರುತ್ತದೆ, ಇಲಿ ನುಗ್ಗಿ ವೈರು ಕಡಿಯುವುದು ಅಲ್ಲಿಂದಲೇ. ಹೊರಗೆ ಪ್ಲಾಸ್ಟಿಕ್ ಗಟ್ಟಿಯಾಗಿದ್ದು ಒಳಗೆ ತಂತಿ ಹಸಿರುಗಟ್ಟಿ ತುಂಡಾಗಿರುವ ಜೋಡಣೆಗಳೂ ಸಿಗುತ್ತವೆ. ಮೆಲ್ಲನೆ ಎಳೆದರೆ ಅವು ಕೈಗೆ ಬರುತ್ತವೆ.

ಗುಂಯ್ ಸದ್ದಿನ ಪ್ರಕರಣವೊಂದನ್ನು ಹಂತಹಂತವಾಗಿ ನೋಡಬಹುದು. ಗಳಗನಾಥದ ಒಂದು ಮನೆಯ ಡ್ರೈಯರ್ ಗುಂಯ್‌ಗುಟ್ಟಿ ನಿಲ್ಲುತ್ತಿದೆ ಎಂದುಕೊಳ್ಳೋಣ. ಮೊದಲ ಅನುಮಾನ ಬ್ರೇಕಿನ ಮೇಲೆ. ಮುಚ್ಚಳ ಹಾಕಿದಾಗ ಒಂದು ತೆಳು ಕೇಬಲ್ ಬ್ರೇಕನ್ನು ಮೋಟರಿನಿಂದ ಎಳೆದು ಬಿಡಿಸುತ್ತದೆ. ಅದು ತುಂಡಾದರೆ ಅಥವಾ ಸಡಿಲವಾದರೆ ಬ್ರೇಕ್ ಹಿಡಿದೇ ಇರುತ್ತದೆ. ಪ್ಲಗ್ ಕಿತ್ತು, ಮುಚ್ಚಳ ಹಾಕಿ, ಹಿಂದಿನಿಂದ ಮೋಟರಿನ ಮೇಲಿನ ಕಪ್ಲಿಂಗನ್ನು ಕೈಯಲ್ಲಿ ತಿರುಗಿಸಿದರೆ ಇದು ಗೊತ್ತಾಗುತ್ತದೆ. ಇಲ್ಲಿ ಅದು ಸಲೀಸಾಗಿ ತಿರುಗಿತು. ಬುಟ್ಟಿಯ ಕೆಳಗೆ ಕಾಲುಚೀಲ, ಕರವಸ್ತ್ರ ಸಿಕ್ಕಿಕೊಂಡಿಲ್ಲ ಎಂಬುದೂ ಖಾತ್ರಿಯಾಯಿತು.

ಉಳಿದದ್ದು ಕೆಪ್ಯಾಸಿಟರ್. ಒಂದೇ ಡಬ್ಬಿಯಲ್ಲಿ ಎರಡು ಮೋಟರಿಗೂ ಕೂಡಿಯೇ ಇರುವುದು ಸಾಮಾನ್ಯ: ‘10+5’ ಎಂದಿದ್ದರೆ ತೊಳೆಯುವುದಕ್ಕೆ 10, ಡ್ರೈಯರಿಗೆ 5 ಮೈಕ್ರೋಫ್ಯಾರಡ್. ವೈರು ಬಿಡಿಸುವ ಮೊದಲು ಮೊಬೈಲಿನಲ್ಲಿ ಫೋಟೋ ತೆಗೆದಿಡಬೇಕು. ಡಬ್ಬಿಯಲ್ಲಿ ಕರೆಂಟ್ ಉಳಿದಿರಬಹುದು, ತುದಿಗಳ ನಡುವೆ 10 ಕಿಲೋ ಓಮ್ ರೆಸಿಸ್ಟರನ್ನು ಕೆಲವು ಸೆಕೆಂಡು ಹಿಡಿದು ಇಳಿಸಬೇಕು. ಮೀಟರಿನಲ್ಲಿ ತೊಳೆಯುವ ಭಾಗ 9.8, ಡ್ರೈಯರ್ ಭಾಗ 1.7 ತೋರಿಸಿದರೆ ದೋಷ ಸಿಕ್ಕಂತೆ. ಡಬ್ಬಿ ಉಬ್ಬದೆಯೂ ಕೆಪ್ಯಾಸಿಟರ್ ಹೀಗೆ ಸೊರಗುತ್ತದೆ, ಆದ್ದರಿಂದ ಕಣ್ಣಂದಾಜು ಸಾಲದು. ಹೊಸದು ಅದೇ ಮೈಕ್ರೋಫ್ಯಾರಡ್‌ನದಾಗಿರಬೇಕು, ವೋಲ್ಟೇಜ್ ಹಳೆಯದಕ್ಕಿಂತ ಕಡಿಮೆಯಿರಕೂಡದು. 5ರ ವೈರನ್ನು 10ಕ್ಕೆ ಹಾಕಿದರೆ ಡ್ರೈಯರ್ ತಿರುಗೀತು, ಮೋಟರ್ ಮಾತ್ರ ವಿಪರೀತ ಬಿಸಿಯಾಗುತ್ತದೆ.

ಕೆಪ್ಯಾಸಿಟರ್ ಸರಿಯಿದ್ದೂ ಸಂಜೆಯ ಹೊತ್ತು ಮಾತ್ರ ಗುಂಯ್‌ಗುಟ್ಟುವುದಾದರೆ ವೋಲ್ಟೇಜ್ ಅಳೆಯಬೇಕು. ಮೋಟರಿನ ಎಳೆತ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ. ಲೈನಿನ ಕೊನೆಯ ಮನೆಯಲ್ಲಿ 230ರ ಬದಲು 170 ವೋಲ್ಟ್ ಬಂದರೆ ಎಳೆತ ಸುಮಾರು ಶೇಕಡಾ 55ಕ್ಕೆ ಬೀಳುತ್ತದೆ. ಅರ್ಧ ಬಟ್ಟೆ ತೆಗೆದಾಗ ಬುಟ್ಟಿ ಹೊರಟರೆ ಅದೇ ಕಾರಣ.

ವೋಲ್ಟೇಜೂ ಸರಿಯಿದ್ದರೆ ಮೋಟರಿನ ಮೂರು ವೈರುಗಳನ್ನು ಬಿಡಿಸಿ ಜೋಡಿಜೋಡಿಯಾಗಿ ಓಮ್ ಅಳೆಯಬೇಕು. ಮೂರು ಅಳತೆಗಳಲ್ಲಿ ದೊಡ್ಡದು ಉಳಿದೆರಡರ ಮೊತ್ತಕ್ಕೆ ಸಮನಾಗಿರಬೇಕು. ಯಾವುದಾದರೂ ಜೋಡಿ ಓಪನ್ ತೋರಿಸಿದರೆ, ಅಥವಾ ವೈರಿನಿಂದ ಮೋಟರಿನ ಕಬ್ಬಿಣಕ್ಕೆ ಬೀಪ್ ಬಂದರೆ ವೈಂಡಿಂಗ್ ಹೋಗಿದೆ. ರಿವೈಂಡಿಂಗ್ ಮಾಡಿಸಬೇಕು ಇಲ್ಲವೇ ಮೋಟರ್ ಬದಲಿಸಬೇಕು.