ಸೊಂಟನೋವಿನ ಜೊತೆ ಒಂದಕ್ಕೆ ಹೋಗಲಾಗದಿದ್ದರೆ

ನಮ್ಮ ಭಾವನಿಗೆ ಸೊಂಟನೋವು ಹೊಸದಲ್ಲ. ಅಕ್ಕಿಮೂಟೆ ಎತ್ತಿದ ಮರುದಿನ ನೋವು ಎರಡೂ ಕಾಲಿಗೆ ಇಳಿದಾಗಲೂ ನಾವು ಗಾಬರಿಯಾಗಲಿಲ್ಲ. ಎಣ್ಣೆ ತಿಕ್ಕಿ, ಬಿಸಿನೀರಿನ ಶಾಖ ಕೊಟ್ಟು ಮಲಗಿಸಿದೆವು. ಮೂರನೇ ದಿನ ಬೆಳಿಗ್ಗೆ ಅವರು ಅಕ್ಕನಿಗೆ ಹೇಳಿದರು: "ನೋವು ಎಷ್ಟೋ ವಾಸಿ ಕಣೇ. ಆದರೆ ತೊಳೆದುಕೊಳ್ಳುವಾಗ ನೀರು ತಾಗಿದ್ದೇ ಗೊತ್ತಾಗಲಿಲ್ಲ. ರಾತ್ರಿಯಿಂದ ಒಂದಕ್ಕೂ ಸರಿಯಾಗಿ ಹೋಗಿಲ್ಲ."

ನೋವು ಇಳಿದದ್ದಕ್ಕೆ ಅಕ್ಕನಿಗೆ ಸಮಾಧಾನವಾಗಿತ್ತು. ಆದರೆ ಹೆದರಬೇಕಾದ ಗಳಿಗೆ ಅದೇ. ನೋವು ಕಡಿಮೆಯಾಗಿ ಜೋಮು ಹೆಚ್ಚಿದರೆ ನರ ಸುಧಾರಿಸುತ್ತಿಲ್ಲ, ಸೋಲುತ್ತಿದೆ.

ಬೆನ್ನುಹುರಿ ಸೊಂಟದ ಮೊದಲೆರಡು ಮೂಳೆಗಳ ಹತ್ತಿರವೇ ಮುಗಿಯುತ್ತದೆ. ಅಲ್ಲಿಂದ ಕೆಳಕ್ಕೆ ನರಗಳ ಎಳೆಗಳು ಕುದುರೆಯ ಬಾಲದ ಹಾಗೆ ಇಳಿಬಿದ್ದಿರುತ್ತವೆ. ಲ್ಯಾಟಿನ್ನಿನಲ್ಲಿ ಅದರ ಹೆಸರೂ ಅದೇ, ಕಾಡಾ ಈಕ್ವಿನಾ. ಮೂಳೆಗಳ ನಡುವಿನ ಡಿಸ್ಕ್ ಒಡೆದು ತಿರುಳು ಪಕ್ಕಕ್ಕೆ ಸರಿದರೆ ಒಂದು ನರ ಅದುಮಿ ಒಂದು ಕಾಲು ಸೆಳೆಯುತ್ತದೆ. ಅದು ಎಲ್ಲರಿಗೂ ಗೊತ್ತಿರುವ ಸಯಾಟಿಕಾ. ದೊಡ್ಡ ತುಂಡೊಂದು ನಟ್ಟನಡುವೆ ನುಗ್ಗಿದರೆ ಇಡೀ ಬಾಲವೇ ನಲುಗುತ್ತದೆ. ಮಲಮೂತ್ರದ ಹಿಡಿತ ಇರುವುದು ಈ ನರಗಳಲ್ಲೇ. ಜನನಾಂಗ, ಗುದದ್ವಾರ, ಒಳತೊಡೆ, ಅಂದರೆ ಕುದುರೆಯ ಜೀನಿಗೆ ತಾಗುವ ಜಾಗದ ಸ್ಪರ್ಶವೂ ಇವುಗಳದ್ದೇ.

ಮೂತ್ರದ ತೊಂದರೆ ಸದ್ದಿಲ್ಲದೆ ಬರುತ್ತದೆ. ಮೊದಲು ಧಾರೆ ಸಣ್ಣದಾಗುತ್ತದೆ, ತಿಣುಕಬೇಕಾಗುತ್ತದೆ. ಆಮೇಲೆ ಚೀಲ ತುಂಬಿದ್ದೇ ತಿಳಿಯುವುದಿಲ್ಲ. ಕೊನೆಗೆ ತುಂಬಿ ತುಳುಕಿ ಹನಿಹನಿಯಾಗಿ ಸೋರುತ್ತದೆ. ಹನಿಯುವುದನ್ನು ಕಂಡು 'ಹೋಗುತ್ತಿದೆಯಲ್ಲ' ಎಂದುಕೊಳ್ಳುವವರು, ಪ್ರಾಸ್ಟೇಟ್ ಎಂದೋ ಉರಿಮೂತ್ರ ಎಂದೋ ಮಾತ್ರೆ ತರುವವರು ಬಹಳ. ಭಾವನಿಗೆ ಆಸ್ಪತ್ರೆಯಲ್ಲಿ ಕ್ಯಾಥೆಟರ್ ಹಾಕಿದಾಗ 800 ಮಿಲಿಲೀಟರ್ ಬಂತು. ಅಷ್ಟು ತುಂಬಿದರೆ ಯಾರಾದರೂ ನೋವಿನಿಂದ ಒದ್ದಾಡಬೇಕು. ಅವರು ಸುಮ್ಮನೆ ಮಲಗಿದ್ದರು.

ಇಂಥವರಿಗೆ ಎಕ್ಸ್-ರೇ ತೆಗೆಸಿ ಸಮಾಧಾನಪಡುವಂತಿಲ್ಲ, ಡಿಸ್ಕಾಗಲಿ ನರವಾಗಲಿ ಅದರಲ್ಲಿ ಕಾಣುವುದಿಲ್ಲ. ಮೂತ್ರ ಮಾಡಿದ ಮೇಲೂ ಚೀಲದಲ್ಲಿ 200 ಮಿಲಿಲೀಟರಿಗಿಂತ ಹೆಚ್ಚು ಉಳಿದಿದ್ದರೆ ಅನುಮಾನ ಬಲವಾಗುತ್ತದೆ. ಕಡಿಮೆ ಉಳಿದಿದ್ದರೂ ಲಕ್ಷಣಗಳಿದ್ದರೆ ಅಂದೇ ಎಂಆರ್‌ಐ ಆಗಬೇಕು. ಒತ್ತಡ ಖಚಿತವಾದರೆ ಆಪರೇಷನ್ ಮಾಡಿ ಆ ತುಂಡನ್ನು ತೆಗೆಯುತ್ತಾರೆ. ಧಾರೆ ಸಣ್ಣದಾದ ಹಂತದಲ್ಲೇ ಅದು ಆದವರಿಗೆ ಹಿಡಿತ ಮರಳುವ ಸಾಧ್ಯತೆ ಹೆಚ್ಚು. ಪೂರ್ತಿ ಕಟ್ಟಿದ ಮೇಲೆ ಆ ಭರವಸೆ ಕುಗ್ಗುತ್ತದೆ. ಹಾಗಾಗಿ ಈ ಹೊತ್ತಿನಲ್ಲಿ ಉಳುಕು ತೆಗೆಸಲು ಹೋಗಬೇಡಿ, ನಾಳೆಯ ಓಪಿಡಿಗೂ ಕಾಯಬೇಡಿ. ನೇರವಾಗಿ ತುರ್ತು ಚಿಕಿತ್ಸಾ ವಿಭಾಗಕ್ಕೆ ಹೋಗಿ, ಕೆಳಗಿನ ಜಾಗ ಮರಗಟ್ಟಿದೆ ಎನ್ನುವುದನ್ನು ಸಂಕೋಚವಿಲ್ಲದೆ ಮೊದಲು ಹೇಳಿ. ವೈದ್ಯರು ಕೇಳುವವರೆಗೂ ಭಾವ ಅದನ್ನು ಹೇಳಿರಲಿಲ್ಲ.

ಅವರಿಗೆ ಆ ರಾತ್ರಿಯೇ ಆಪರೇಷನ್ ಆಯಿತು. ಈಗ ನಡೆಯುತ್ತಾರೆ, ಅಂಗಡಿಗೂ ಹೋಗುತ್ತಾರೆ. ಚೀಲ ತುಂಬಿದ್ದು ಮಾತ್ರ ಇನ್ನೂ ಸರಿಯಾಗಿ ತಿಳಿಯುವುದಿಲ್ಲ. ನಾಲ್ಕು ಗಂಟೆಗೊಮ್ಮೆ ಗಡಿಯಾರ ನೋಡಿ ಎದ್ದು ಹೋಗುತ್ತಾರೆ.